ಖಜ್ಜಿಡೋಣಿವರೆಗಿನ ಕೂದಲು: ಯಂತ್ರದ ಬರಹಕ್ಕೆ ಸಿಗದ ಊರಿನ ನಗೆ

ಕಾಲೇಜಿನ ವಾರ್ಷಿಕ ಸಂಚಿಕೆ, ಜಾತ್ರೆಯ ಸ್ಮರಣ ಸಂಚಿಕೆ, ಜಿಲ್ಲಾ ಪತ್ರಿಕೆಯ ವಾಚಕರ ಪತ್ರದ ಅಂಕಣ ಇವುಗಳಿಗೆ ಬರಹಗಳನ್ನು ಆರಿಸುವವರ ಮುಂದೆ ಈಗ ಹೊಸದೊಂದು ತೊಡಕು ಬಂದು ನಿಂತಿದೆ. ಕೈಗೆ ಬರುವ ಬರಹದಲ್ಲಿ ಕಾಗುಣಿತದ ತಪ್ಪಿಲ್ಲ, ವಾಕ್ಯಗಳು ಸರಿಯಾಗಿ ಮುಗಿಯುತ್ತವೆ, ವಿಷಯವೂ ದಾರಿ ತಪ್ಪಿಲ್ಲ. ಆದರೂ ಇದನ್ನು ಬರೆದದ್ದು ಹೆಸರು ಹಾಕಿದ ಮನುಷ್ಯನೋ ಅಥವಾ ಆತ ಕೊಟ್ಟ ಒಂದು ಸಾಲಿನ ಸೂಚನೆಯಿಂದ ಹೊರಬಿದ್ದ ಯಂತ್ರದ ಬರಹವೋ ಎಂಬುದು ಗೊತ್ತಾಗುವುದಿಲ್ಲ. ಇದನ್ನು ಪತ್ತೆ ಮಾಡುತ್ತೇವೆಂದು ಹೇಳಿಕೊಳ್ಳುವ ತಂತ್ರಾಂಶಗಳಿವೆ, ಆದರೆ ಅವುಗಳ ತೀರ್ಪನ್ನು ನೆಚ್ಚಿಕೊಳ್ಳುವಂತಿಲ್ಲ. ಬರಹದೊಳಗೇ ಸಿಗುವ ಒಂದು ಗುರುತನ್ನು, ಅಂದರೆ ಊರಿನವರಿಗೆ ಮಾತ್ರ ತಾಕುವ ನಗೆಯನ್ನೂ ವ್ಯಂಗ್ಯವನ್ನೂ, ಈ ಲೇಖನ ಪರಿಶೀಲಿಸುತ್ತದೆ. ಆ ಗುರುತು ಯಾಕೆ ಮನುಷ್ಯನ ಕಡೆಗೆ ಬೆರಳು ತೋರಿಸುತ್ತದೆ, ಎಲ್ಲಿಯವರೆಗೆ ತೋರಿಸುತ್ತದೆ, ಎಲ್ಲಿ ಮೋಸಮಾಡುತ್ತದೆ ಎಂಬುದನ್ನು ಒಂದೇ ಉದಾಹರಣೆಯನ್ನು ಹಿಡಿದು ನೋಡುವುದು ಇಲ್ಲಿನ ಉದ್ದೇಶ.

ಉದಾಹರಣೆಗೆ ಬಾಗಲಕೋಟೆ-ಕುಡಚಿ ರೈಲು ಮಾರ್ಗವನ್ನೇ ತೆಗೆದುಕೊಳ್ಳೋಣ. ಸುಮಾರು 140 ಕಿ.ಮೀ. ಉದ್ದದ ಈ ಮಾರ್ಗಕ್ಕೆ 2010ರ ಸುಮಾರಿಗೆ ಮಂಜೂರಾತಿ ಸಿಕ್ಕಿತು. ಭೂಸ್ವಾಧೀನದ ತೊಡಕುಗಳಿಂದಾಗಿ ಕೆಲಸ ಬಹಳ ವರ್ಷ ನಿಧಾನವಾಯಿತು. ಬಾಗಲಕೋಟೆಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಖಜ್ಜಿಡೋಣಿಯವರೆಗೆ ಹಳಿ ಬಂದು, ಅಲ್ಲಿಯೇ ಬಹುಕಾಲ ನಿಂತಿತ್ತು. ಆ ಕಾಲದಲ್ಲಿ ಈ ವಿಷಯದ ಮೇಲೆ ಪತ್ರಿಕೆಗೆ ಬರಬಹುದಾಗಿದ್ದ ಒಂದು ಪತ್ರವನ್ನು ವಿವರಣೆಗಾಗಿ ನಾವೇ ಕಟ್ಟಿಕೊಳ್ಳೋಣ:

“ನಮ್ಮ ಮೊಮ್ಮಗಳ ಜವಳವನ್ನು ಚಿಂಚಲಿ ಮಾಯಕ್ಕನ ಗುಡಿಯಲ್ಲಿ ತೆಗೆಸುವ ಹರಕೆ ಇದೆ. ಬೀಗರು ಬಿಜ್ಜರನ್ನೆಲ್ಲ ಬಾಗಲಕೋಟೆಯಿಂದ ರೈಲಿನಲ್ಲೇ ಕರೆದೊಯ್ಯುವುದೆಂದು ಮನೆಯಲ್ಲಿ ಮಾತಾಗಿದೆ. ಕೂಸಿಗೆ ಈಗ ಎರಡು ಜಡೆ ಹಾಕುವಷ್ಟು ಕೂದಲಾಗಿದೆ. ಸದ್ಯಕ್ಕೆ ಖಜ್ಜಿಡೋಣಿವರೆಗಿನ ಕೂದಲನ್ನಾದರೂ ತೆಗೆಸೋಣವೆಂದರೆ ಅದರ ಅಜ್ಜಿ ಒಪ್ಪುತ್ತಿಲ್ಲ. ಸಂಬಂಧಪಟ್ಟವರು ಒಂದು ಮುಹೂರ್ತ ತಿಳಿಸಿದರೆ ಉಪಕಾರವಾಗುತ್ತದೆ.”

ಇದೇ ವಿಷಯದ ಮೇಲೆ ಯಂತ್ರದಿಂದ ಹೊರಬರುವ ಪತ್ರ ಹೇಗಿರುತ್ತದೆಂಬುದು ಇಂಥ ಬರಹಗಳನ್ನು ದಿನವೂ ನೋಡುವವರಿಗೆ ತಿಳಿದೇ ಇದೆ. ಬಾಗಲಕೋಟೆ-ಕುಡಚಿ ರೈಲು ಮಾರ್ಗ ಈ ಭಾಗದ ಜನರ ಬಹುದಿನಗಳ ಕನಸು ಎಂದು ಅದು ಆರಂಭವಾಗುತ್ತದೆ. ಯೋಜನೆ ಪೂರ್ಣಗೊಂಡರೆ ವ್ಯಾಪಾರ, ಶಿಕ್ಷಣ ಮತ್ತು ಪ್ರವಾಸೋದ್ಯಮಕ್ಕೆ ಅನುಕೂಲವಾಗಲಿದೆ ಎಂದು ಮುಂದುವರಿಯುತ್ತದೆ. ಸರ್ಕಾರ ಮತ್ತು ಸಾರ್ವಜನಿಕರು ಕೈಜೋಡಿಸಿದರೆ ಕನಸು ನನಸಾಗುವ ದಿನ ದೂರವಿಲ್ಲ ಎಂದು ಮುಗಿಯುತ್ತದೆ. ಸ್ವಲ್ಪ ಹಾಸ್ಯವಿರಲಿ ಎಂಬ ಸೂಚನೆ ಸೇರಿದ್ದರೆ, ನಡುವೆ ಎಲ್ಲೋ ಒಂದು ಕಡೆ “ಕಾಮಗಾರಿಯ ವೇಗ ಕಂಡು ಆಮೆಯೂ ನಾಚಿಕೊಂಡಿದೆ!” ಎಂಬಂಥ ವಾಕ್ಯ ಉದ್ಗಾರ ಚಿಹ್ನೆಯೊಂದಿಗೆ ಬಂದು ಕೂರುತ್ತದೆ. ಆ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಬಾಗಲಕೋಟೆ-ಕುಡಚಿ ಎಂಬಲ್ಲಿ ಬೇರೆ ಯಾವ ಎರಡು ಊರುಗಳ ಹೆಸರನ್ನು ಹಾಕಿದರೂ, ರೈಲಿನ ಬದಲು ಸೇತುವೆ ಎಂದರೂ, ಚರಂಡಿ ಎಂದರೂ ಅದು ಹಾಗೇ ನಿಲ್ಲುತ್ತದೆ.

ಮೊದಲ ಪತ್ರದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಅದನ್ನು ಓದಿ ನಗಬೇಕಾದರೆ ಓದುಗನಿಗೆ ಏನೇನು ತಿಳಿದಿರಬೇಕು ಎಂಬುದನ್ನು ಬಿಡಿಸಿ ನೋಡಬೇಕು. ಮಕ್ಕಳ ಮೊದಲ ಕೂದಲನ್ನು ದೇವರ ಸನ್ನಿಧಿಯಲ್ಲಿ ತೆಗೆಸುವ ಪದ್ಧತಿಯಿದೆ. ಅದಕ್ಕೆ ಒಂದು ವಯಸ್ಸಿದೆ, ಆ ವಯಸ್ಸು ಮೀರಿದರೆ ಮನೆಯ ಹಿರಿಯರು ಚಿಂತೆಗೊಳ್ಳುತ್ತಾರೆ, ಹಾಗೆಂದು ಹರಕೆಯ ಜಾಗವನ್ನು ಬದಲಿಸುವಂತಿಲ್ಲ. ಮಾಯಕ್ಕನ ಚಿಂಚಲಿ ರಾಯಬಾಗ ತಾಲ್ಲೂಕಿನಲ್ಲಿ ಕುಡಚಿಯ ಪಕ್ಕದಲ್ಲಿದೆ, ಆದ್ದರಿಂದ ಈ ಮಾರ್ಗ ಮುಗಿದರೆ ಬಾಗಲಕೋಟೆಯ ಭಕ್ತರಿಗೆ ನೇರ ದಾರಿಯಾಗುತ್ತದೆ. ಆ ಕಾಲಕ್ಕೆ ಹಳಿ ಖಜ್ಜಿಡೋಣಿಯಲ್ಲೇ ನಿಂತಿತ್ತು. ಇಷ್ಟು ತಿಳಿದಿದ್ದರೆ “ಖಜ್ಜಿಡೋಣಿವರೆಗಿನ ಕೂದಲು” ಎಂದಾಗ ತಲೆಯ ಒಂದು ಬದಿಯಷ್ಟೇ ಬೋಳಾದ ಕೂಸು ಕಣ್ಣಿಗೆ ಕಟ್ಟುತ್ತದೆ, ಅರ್ಧಕ್ಕೆ ನಿಂತ ಕಾಮಗಾರಿ ಹೇಗಿರುತ್ತದೆಂಬುದೂ ಅದೇ ಚಿತ್ರದಲ್ಲಿ ಕಾಣುತ್ತದೆ. ಎರಡು ಜಡೆಯ ಮಾತು ವರ್ಷಗಳ ಲೆಕ್ಕವನ್ನು ಅಂಕಿ ಹೇಳದೆಯೇ ಕೊಡುತ್ತದೆ. ಕೊನೆಯ ವಾಕ್ಯದಲ್ಲಿ ಅರ್ಜಿಯ ಭಾಷೆಯೂ ಪಂಚಾಂಗದ ಭಾಷೆಯೂ ಒಂದಾಗಿ, ಕಾಮಗಾರಿಯ ಗಡುವನ್ನು ಕೇಳುವ ಬದಲು ಮುಹೂರ್ತವನ್ನು ಕೇಳುತ್ತದೆ. ಇಡೀ ಪತ್ರದಲ್ಲಿ ವಿಳಂಬ ಎಂಬ ಪದವಿಲ್ಲ, ದೂರಿಲ್ಲ, ಯಾರ ಹೆಸರೂ ಇಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳಬೇಕು. ಯಂತ್ರಕ್ಕೆ ಸ್ಥಳೀಯ ವಿಷಯ ಗೊತ್ತಿಲ್ಲ, ಆದ್ದರಿಂದ ಅದು ಊರಿನ ನಗೆಯನ್ನು ಬರೆಯಲಾರದು ಎಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಮೇಲಿನ ಪತ್ರಕ್ಕೆ ಬೇಕಾದ ಸಂಗತಿಗಳು ಬಿಡಿಬಿಡಿಯಾಗಿ ಎಲ್ಲೋ ಒಂದೆಡೆ ಅಕ್ಷರದಲ್ಲಿ ಇದ್ದೇ ಇವೆ: ಜವಳದ ಪದ್ಧತಿಯ ವಿವರಣೆ, ಚಿಂಚಲಿ ಜಾತ್ರೆಯ ವರದಿ, ಖಜ್ಜಿಡೋಣಿಯ ಸುದ್ದಿ. ಆದರೆ ಜವಳವನ್ನೂ ಖಜ್ಜಿಡೋಣಿಯನ್ನೂ ಒಂದೇ ವಾಕ್ಯದಲ್ಲಿ ಸೇರಿಸುವ ಕಾರಣ ಯಾವ ಬರಹದಲ್ಲೂ ಇರಲಿಲ್ಲ. ಕಾರಣವಿದ್ದದ್ದು ಕೂಸಿನ ಜವಳಕ್ಕೆ ಎಷ್ಟು ಮಂದಿ, ಎಷ್ಟು ಗಾಡಿ, ಯಾವ ದಾರಿ ಎಂದು ಲೆಕ್ಕ ಹಾಕುತ್ತ ಕುಳಿತ ಮನೆಯಲ್ಲಿ. ಊರಿನ ನಗೆಯ ತಿರುಳು ಸಂಗತಿಗಳಲ್ಲಿಲ್ಲ, ಅವುಗಳ ನಡುವಿನ ಬೆಸುಗೆಯಲ್ಲಿದೆ; ಮತ್ತು ಆ ಬೆಸುಗೆಯನ್ನು ಬಿಡಿಸಿ ಹೇಳದೆ ಓದುಗನಿಗೆ ಬಿಟ್ಟಿರುವುದರಲ್ಲಿದೆ. ಯಂತ್ರ ಎಡವುವುದು ಈ ಎರಡು ಕಡೆಗಳಲ್ಲೇ, ಮತ್ತು ಅದು ಯಾಕೆ ಎಡವುತ್ತದೆ ಎಂಬುದಕ್ಕೆ ಅದನ್ನು ಕಟ್ಟಿದ ಬಗೆಯಲ್ಲೇ ಕಾರಣಗಳಿವೆ.

ಭಾಷಾ ಮಾದರಿ ಎಂದು ಕರೆಯುವ ಈ ಯಂತ್ರ, ಅಪಾರ ಪ್ರಮಾಣದ ಬರಹವನ್ನು ಓದಿಸಿಕೊಂಡು, ಇಲ್ಲಿಯವರೆಗೆ ಬಂದ ಪದಗಳ ಮುಂದೆ ಯಾವ ಪದದ ತುಣುಕು ಬರುವ ಸಂಭವ ಎಷ್ಟು ಎಂದು ಅಂದಾಜಿಸುವುದನ್ನು ಕಲಿಯುತ್ತದೆ. “ರೈಲು ಮಾರ್ಗ ಈ ಭಾಗದ ಜನರ ಬಹುದಿನಗಳ” ಎಂಬಲ್ಲಿಗೆ ಬಂದರೆ ಮುಂದೆ “ಕನಸು” ಅಥವಾ “ಬೇಡಿಕೆ” ಬರುವ ಸಂಭವ ಹೆಚ್ಚು, ಆದ್ದರಿಂದ ಅದೇ ಬರುತ್ತದೆ. ನಗೆ ಹುಟ್ಟುವುದು ಇದಕ್ಕೆ ವಿರುದ್ಧವಾದ ಜಾಗದಲ್ಲಿ: ಓದುಗ ನಿರೀಕ್ಷಿಸದ ಪದ ಬರಬೇಕು, ಬಂದ ಮರುಕ್ಷಣ ಅದೇ ಸರಿಯಾದ ಪದವೆಂದು ಆತನಿಗೆ ಹೊಳೆಯಬೇಕು. ಸಂಭವ ಕಡಿಮೆಯಿರುವ ಪದಗಳನ್ನೂ ಆರಿಸಿಕೊಳ್ಳುವಂತೆ ಯಂತ್ರವನ್ನು ಸಡಿಲಗೊಳಿಸುವ ಒಂದು ಸೂಚ್ಯಂಕವಿದೆ, ಅದನ್ನು ಟೆಂಪರೇಚರ್ ಎನ್ನುತ್ತಾರೆ. ಅದನ್ನು ಏರಿಸಿದರೆ ಅನಿರೀಕ್ಷಿತ ಪದಗಳು ಬರುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಬರೀ ಅಸಂಬದ್ಧ. “ಖಜ್ಜಿಡೋಣಿವರೆಗಿನ” ಎಂಬುದರ ಮುಂದೆ “ಕೂದಲು” ಬರುವ ಸಂಭವ ಬರಹಗಳ ರಾಶಿಯಲ್ಲಿ ಇಲ್ಲವೆಂದೇ ಹೇಳಬಹುದು. ಆ ಪತ್ರದಲ್ಲಿ ಮಾತ್ರ ಅದಕ್ಕೆ ಬದಲಿ ಪದವೇ ಇಲ್ಲ.

ಈ ಒಲವು ಎಷ್ಟು ಗಟ್ಟಿಯಾದದ್ದು ಎಂಬುದಕ್ಕೆ ಜರ್ಮನಿಯ ಸಂಶೋಧಕರಾದ ಸೋಫಿ ಯೆಂಟ್ಶ್ ಮತ್ತು ಕ್ರಿಸ್ಟಿಯಾನ್ ಕೆರ್ಸ್ಟಿಂಗ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿಯಾಗಿದೆ. ಅವರು ಆಗಿನ ಚಾಟ್‌ಜಿಪಿಟಿಯಿಂದ 1,008 ಸಲ ಜೋಕು ಬರೆಸಿದರು. ಬಂದ ಉತ್ತರಗಳಲ್ಲಿ ಶೇ 90ಕ್ಕಿಂತ ಹೆಚ್ಚು ಒಂದೇ 25 ಜೋಕುಗಳ ಮರುಕಳಿಕೆಯಾಗಿದ್ದವು. ಅದು ಇಂಗ್ಲಿಷಿನಲ್ಲಿ, ಅಂದರೆ ಯಂತ್ರ ಅತಿ ಹೆಚ್ಚು ಓದಿರುವ ಭಾಷೆಯಲ್ಲಿ. ಕನ್ನಡದ ಸ್ಥಿತಿ ಬೇರೆ. ಇಂಗ್ಲಿಷ್ ವಿಕಿಪೀಡಿಯದ ಲೇಖನಗಳು 70 ಲಕ್ಷದ ಆಸುಪಾಸಿನಲ್ಲಿದ್ದರೆ ಕನ್ನಡದವು ಮೂವತ್ತು ಸಾವಿರ ಚಿಲ್ಲರೆ. ಆ ಕನ್ನಡದಲ್ಲೂ ಹೆಚ್ಚಿನದು ಸುದ್ದಿ, ಮಾಹಿತಿ ಮತ್ತು ಅನುವಾದದ ಶಿಷ್ಟ ಭಾಷೆ. ಜಮಖಂಡಿಯ ಕಟ್ಟೆಯ ಮೇಲೆ, ಸಿಂದಗಿಯ ಸಂತೆಯಲ್ಲಿ, ಗೋಕಾಕದ ಚಹಾದಂಗಡಿಯ ಮುಂದೆ ಆಡುವ ಮಾತು ಅಕ್ಷರಕ್ಕೆ ಇಳಿದಿರುವುದು ಬಲು ಕಡಿಮೆ, ಇಳಿದಷ್ಟೂ ಯಂತ್ರದ ಓದಿಗೆ ಸಿಕ್ಕಿದೆ ಎನ್ನುವಂತಿಲ್ಲ.

ಇನ್ನೊಂದು ಕಾರಣ ಓದಿನ ನಂತರದ ತರಬೇತಿಗೆ ಸೇರಿದ್ದು, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯವಾದದ್ದು. ಕಚ್ಚಾ ಮಾದರಿಯನ್ನು ಜನರ ಬಳಕೆಗೆ ತರುವ ಮೊದಲು, ಅದು ಕೊಟ್ಟ ಹಲವು ಉತ್ತರಗಳನ್ನು ಮನುಷ್ಯರ ಮುಂದಿಟ್ಟು, ಯಾವುದು ಉತ್ತಮ ಎಂದು ಕ್ರಮವಾಗಿ ಗುರುತಿಸಲು ಹೇಳುತ್ತಾರೆ. ಆ ಆಯ್ಕೆಗಳಿಗೆ ಒಗ್ಗುವಂತೆ ಮಾದರಿಯನ್ನು ತಿದ್ದುತ್ತಾರೆ. 2022ರಲ್ಲಿ ಓಪನ್‌ಎಐ ಸಂಸ್ಥೆ ಈ ವಿಧಾನವನ್ನು ವಿವರಿಸಿದಾಗ ಹೀಗೆ ಗುರುತು ಹಾಕಿದವರು ಸುಮಾರು 40 ಮಂದಿ ಎಂದು ತಿಳಿಸಿತ್ತು. ಗುರುತು ಹಾಕುವವರಿಗೆ ಕೊಟ್ಟ ಅಳತೆಗೋಲು ಉತ್ತರ ಉಪಯುಕ್ತವಾಗಿದೆಯೇ, ಸತ್ಯವಾಗಿದೆಯೇ, ಯಾರಿಗೂ ಕೆಡುಕು ಮಾಡುವುದಿಲ್ಲವೇ ಎಂಬುದು. ಈ ಅಳತೆಗೋಲಿನ ಮುಂದೆ ವ್ಯಂಗ್ಯ ಸಹಜವಾಗಿಯೇ ಸೋಲುತ್ತದೆ. ವ್ಯಂಗ್ಯದ ವಾಕ್ಯ ಅಕ್ಷರಶಃ ಸತ್ಯವಲ್ಲ. ಅದಕ್ಕೆ ಒಂದು ಗುರಿಯಿರುತ್ತದೆ, ಆದ್ದರಿಂದ ಯಾರಿಗೋ ತಾಕುತ್ತದೆ. ಹಿನ್ನೆಲೆ ತಿಳಿಯದ ಓದುಗನಿಗೆ ಅದು ಅಸ್ಪಷ್ಟ. ದೂರದ ಊರಿನಲ್ಲಿ ಕುಳಿತು ಗುರುತು ಹಾಕುವವರ ಎದುರು ಜವಳದ ಪತ್ರವನ್ನೂ ಕನಸಿನ ಪತ್ರವನ್ನೂ ಇಟ್ಟರೆ ಅವರು ಎರಡನೆಯದನ್ನೇ ಮೇಲಿಡುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಹೀಗೆ ಸಾವಿರಾರು ಸಲ ತಿದ್ದಿಸಿಕೊಂಡ ಮಾದರಿಯಲ್ಲಿ ಬೆಸುಗೆಯನ್ನು ಬಿಡಿಸಿ ಹೇಳುವ ಅಭ್ಯಾಸ ಬೇರೂರುತ್ತದೆ. ಜವಳದ ಕಲ್ಪನೆಯನ್ನೇ ಅದಕ್ಕೆ ಕೊಟ್ಟರೂ, “ಹೀಗೆ ರೈಲು ಯೋಜನೆಯ ವಿಳಂಬ ನಮ್ಮ ಕುಟುಂಬದ ಸಂಪ್ರದಾಯಗಳ ಮೇಲೂ ಪರಿಣಾಮ ಬೀರಿದೆ” ಎಂಬ ಸಾಲನ್ನು ಕೊನೆಗೆ ಸೇರಿಸುವ ಸಂಭವವೇ ಹೆಚ್ಚು. ಆ ಸಾಲು ಬಂದ ಕೂಡಲೇ ಹಿಂದಿನ ಐದೂ ವಾಕ್ಯಗಳ ಬಿಗಿ ಸಡಿಲವಾಗುತ್ತದೆ.

ವ್ಯಂಗ್ಯದ ಬಗ್ಗೆ ಇನ್ನಷ್ಟು ಹೇಳಬೇಕಾಗಿದೆ, ಯಾಕೆಂದರೆ ಅದನ್ನು ಹೇಳಿದ್ದಕ್ಕೆ ವಿರುದ್ಧವಾದ ಅರ್ಥ ಎಂದಷ್ಟೇ ತಿಳಿದರೆ ಯಂತ್ರದ ಸೋಲು ಪೂರ್ತಿಯಾಗಿ ಅರ್ಥವಾಗುವುದಿಲ್ಲ. ನಮ್ಮ ಅಲಂಕಾರಶಾಸ್ತ್ರ ಹೊಗಳಿಕೆಯ ರೂಪದ ತೆಗಳಿಕೆಯನ್ನು ವ್ಯಾಜಸ್ತುತಿ ಎಂದು ಬಹಳ ಹಿಂದೆಯೇ ಗುರುತಿಸಿದೆ. 1981ರಲ್ಲಿ ಡ್ಯಾನ್ ಸ್ಪರ್ಬರ್ ಮತ್ತು ಡೀರ್‌ಡ್ರಾ ವಿಲ್ಸನ್ ಇದಕ್ಕೆ ಮತ್ತೊಂದು ಮಗ್ಗುಲನ್ನು ತೋರಿಸಿದರು: ವ್ಯಂಗ್ಯವಾಡುವವನು ತನ್ನ ಮಾತನ್ನು ಆಡುತ್ತಿರುವುದಿಲ್ಲ, ಬೇರೊಬ್ಬರು ಆಡಿದ ಅಥವಾ ಆಡಬಹುದಾದ ಮಾತನ್ನು ಪ್ರತಿಧ್ವನಿಸಿ ಅದರಿಂದ ತಾನು ದೂರ ನಿಲ್ಲುತ್ತಾನೆ. ಈ ವಿವರಣೆ ನಮ್ಮ ಭಾಗದ ಮಾತಿಗೆ ಬಹಳ ಚೆನ್ನಾಗಿ ಹೊಂದುತ್ತದೆ. “ಮುಂದಿನ ವರ್ಷ ರೈಲು ಬರ್ತದಂತ” ಎಂದು ಒಬ್ಬರು ಹೇಳಿ, “ಬರ್ತದ ಬರ್ತದ, ಬರಲಾರದ ಏನ್ ಮಾಡ್ತದ ಬಿಡ್ರಿ” ಎಂದು ಮತ್ತೊಬ್ಬರು ಉತ್ತರಿಸಿದರೆ, ಎರಡನೆಯವರ ಬಾಯಲ್ಲಿ ಅನುಮಾನದ ಒಂದು ಪದವೂ ಇಲ್ಲ. ಮೊದಲನೆಯವರ “ಅಂತ” ಮಾತನ್ನು ಈಗಾಗಲೇ ಇನ್ನಾರದೋ ಹೆಗಲಿಗೆ ಹಾಕಿದೆ. ಎರಡನೆಯವರು ಅದನ್ನು ಎರಡು ಸಲ ಮರುನುಡಿದು, ಕೊನೆಗೆ “ಬಿಡ್ರಿ” ಎಂದು ಮಾತಿನಿಂದಲೇ ಕೈ ತೊಳೆದುಕೊಂಡಿದ್ದಾರೆ. ಹೊತ್ತು ಏರಿದ ಮೇಲೆ ಎದ್ದ ಮಗನಿಗೆ ತಾಯಿ “ಸಾಹೇಬ್ರು ಎದ್ರೇನ್ರಿ, ಚಹಾ ಕಳಸ್ಲೇನ್ರಿ” ಎಂದು ಬಹುವಚನ ಹಚ್ಚಿ ಕೇಳುವಾಗಲೂ ನಡೆಯುವುದು ಇದೇ: ಮಗನಿಗೆ ಸಲ್ಲದ ಮರ್ಯಾದೆಯನ್ನು ಆಕೆ ಬೇರೆಲ್ಲಿಂದಲೋ ಎರವಲು ತಂದು ಅವನ ಮುಂದಿಡುತ್ತಾಳೆ.

ಪ್ರತಿಧ್ವನಿಗೆ ಮೂಲದ ಧ್ವನಿಯೊಂದು ಬೇಕು. ಯಾರು, ಯಾವಾಗ, ಯಾವ ವೇದಿಕೆಯಲ್ಲಿ ಏನು ಹೇಳಿದ್ದರು ಎಂಬುದು ಬರೆಯುವವನಿಗೂ ಓದುವವನಿಗೂ ನೆನಪಿರಬೇಕು. ಯಂತ್ರಕ್ಕೆ ಎದುರಿಗೆ ನಿರ್ದಿಷ್ಟ ಓದುಗನೇ ಇಲ್ಲ. ಅದು ಎಲ್ಲರಿಗೂ ತಿಳಿಯುವಂತೆ ಬರೆಯುತ್ತದೆ, ಆದ್ದರಿಂದ ಯಾರ ನೆನಪನ್ನೂ ನೆಚ್ಚಿಕೊಳ್ಳಲಾರದು. ಉತ್ತರ ಕರ್ನಾಟಕದ ಧಾಟಿಯಲ್ಲಿ ಬರೆಯಬೇಕೆಂಬ ಸೂಚನೆಗೆ ಅದು ಸಾಮಾನ್ಯವಾಗಿ ಶಿಷ್ಟ ವಾಕ್ಯಗಳ ತುದಿಗೆ “ರೀ” ಹಚ್ಚಿ, ಅಲ್ಲಲ್ಲಿ “ಐತಿ” ಇಟ್ಟು, ನಡುವೆ ಎಲ್ಲೋ “ಕಣ್ರೀ” ಅಥವಾ “ಮಾರಾಯ” ಸೇರಿಸಿಬಿಡುತ್ತದೆ. ವಿಜಯಪುರದ ಕಡೆಯವರು “ಕಣ್ರೀ” ಎನ್ನುವುದಿಲ್ಲ, “ಮಾರಾಯ” ಅವರಿಗೆ ಕರಾವಳಿ-ಮಲೆನಾಡಿನ ಮಾತು. ಊರನ್ನು ತೋರಿಸಬೇಕಾದಾಗ ಅದು ತರುವುದು ಪ್ರವಾಸಿ ಕೈಪಿಡಿಯ ವಸ್ತುಗಳನ್ನು: ಬೆಳಗಾವಿಯೆಂದರೆ ಕುಂದಾ, ವಿಜಯಪುರವೆಂದರೆ ಗೋಳಗುಮ್ಮಟ, ಗೋಕಾಕವೆಂದರೆ ಕರದಂಟು. ಆ ಊರುಗಳಲ್ಲಿ ಹುಟ್ಟಿ ಬೆಳೆದವರು ತಮ್ಮವರಿಗಾಗಿ ಬರೆಯುವಾಗ ಇವುಗಳನ್ನು ಹೆಸರಿಸುವುದು ಅಪರೂಪ. ಬಾಗಲಕೋಟೆಯವರು ಆಲಮಟ್ಟಿಯ ಹಿನ್ನೀರನ್ನು ವರ್ಣಿಸುವುದಿಲ್ಲ. ತಮ್ಮ ಹಳೆಯ ಮನೆ ಕಿಲ್ಲಾದಲ್ಲಿತ್ತು, ಈಗಿನದು ನವನಗರದ ಇಂಥ ಸೆಕ್ಟರಿನಲ್ಲಿದೆ ಎಂದಷ್ಟೇ ಹೇಳುತ್ತಾರೆ. ನಡುವೆ ಆದದ್ದೇನೆಂದು ಕೇಳುವವರಿಗೆ ತಿಳಿದಿರುತ್ತದೆ.

ಹೆಸರುಗಳನ್ನು ಬಳಸದೆ, ವಿವರಿಸದೆ, ಎದುರಿಗಿರುವ ಮಂದಿಯ ನೆನಪನ್ನೇ ಬಂಡವಾಳ ಮಾಡಿಕೊಂಡು ನಗಿಸುವ ಕಲೆ ನಮ್ಮ ಬಯಲಾಟಗಳಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಸೇರಿಕೊಂಡಿರುವ ಶ್ರೀಕೃಷ್ಣ ಪಾರಿಜಾತದಲ್ಲಿ ಹಾಡುಗಳು ಗೊತ್ತಾಗಿರುತ್ತವೆ, ಆದರೆ ದೂತಿ ಮತ್ತು ಭಾಗವತರ ನಡುವಿನ ಹಾಸ್ಯದ ಮಾತುಕತೆಯಲ್ಲಿ ಬಹುಪಾಲು ಅಲ್ಲೇ ಹುಟ್ಟುವಂಥದ್ದು. ಆಟ ನಡೆಯುವ ಊರಿನ ನೀರಿನ ಜಗಳ, ರಸ್ತೆಯ ಗತಿ, ಮುಂದಿನ ಸಾಲಿನಲ್ಲಿ ಕುಳಿತವರ ಪೇಟ ಎಲ್ಲವೂ ಸತ್ಯಭಾಮೆಯ ಅರಮನೆಯ ಮಾತಿನೊಳಗೆ ಬಂದು ಸೇರುತ್ತವೆ. ಅದನ್ನು ಯಾರೂ ಬರೆದಿಡುವುದಿಲ್ಲ, ಮರುದಿನ ಬೇರೆ ಊರಿನಲ್ಲಿ ಅದು ಕೆಲಸಕ್ಕೂ ಬಾರದು. ಯಂತ್ರದ ಓದಿಗೆ ಸಿಕ್ಕಿರುವುದು ಮುದ್ರಣವಾದ ಹಾಡುಗಳು. ಸಿಗದೇ ಹೋದದ್ದು ಆ ರಾತ್ರಿಯ ನಗೆ.

ಈ ಕಾರಣದಿಂದಲೇ ಊರಿನ ನಗೆಗೆ ಒಂದು ತಾರೀಖೂ ಅಂಟಿಕೊಂಡಿರುತ್ತದೆ, ಪರಿಶೀಲಿಸುವವರಿಗೆ ಇದು ಬಹಳ ಉಪಯುಕ್ತ. ಹಳಿ ಖಜ್ಜಿಡೋಣಿಯನ್ನು ದಾಟಿ ಮುಂದಿನ ಲೋಕಾಪುರವನ್ನು ಮುಟ್ಟಿದ ದಿನ “ಖಜ್ಜಿಡೋಣಿವರೆಗಿನ ಕೂದಲು” ಹಳತಾಗುತ್ತದೆ. ಆ ನಂತರವೂ ಯಾರಾದರೂ ಅದನ್ನೇ ಬರೆದರೆ, ಆತ ಬಹಳ ದಿನದಿಂದ ಊರಿನಲ್ಲಿಲ್ಲದವನೋ, ಹಳೆಯ ಮಾತನ್ನು ಎಲ್ಲಿಂದಲೋ ಎತ್ತಿಕೊಂಡವನೋ, ಅಥವಾ ಹಳೆಯ ಬರಹಗಳನ್ನು ಮಾತ್ರ ಓದಿರುವ ಯಂತ್ರವೋ ಎಂದು ಅನುಮಾನಿಸಬೇಕಾಗುತ್ತದೆ. ಯಂತ್ರದ ಓದು ಒಂದು ದಿನಾಂಕಕ್ಕೆ ನಿಲ್ಲುತ್ತದೆ. ಹೊರಗಿನಿಂದ ಹೊಸ ಸುದ್ದಿಯನ್ನು ತಂದು ಕೊಟ್ಟರೂ ಅದಕ್ಕೆ ಸಿಗುವುದು ಸುದ್ದಿ ಮಾತ್ರ, ಸುದ್ದಿಯನ್ನು ಊರು ಹೇಗೆ ತೆಗೆದುಕೊಂಡಿತು ಎಂಬುದಲ್ಲ.

ಹಾಗಾದರೆ ಬರಹ ಆಯುವವರು ಏನು ಮಾಡಬಹುದು? ಮೊದಲು ಊರಿನ ಹೆಸರನ್ನು ಬದಲಿಸಿ ಓದಬೇಕು. ಜವಳದ ಪತ್ರದಲ್ಲಿ ಖಜ್ಜಿಡೋಣಿಯ ಬದಲು ತಿಪಟೂರು ಎಂದು ಹಾಕಿದರೆ ಪತ್ರ ಕುಸಿಯುತ್ತದೆ. ಆಮೆಯ ವಾಕ್ಯಕ್ಕೆ ಏನೂ ಆಗುವುದಿಲ್ಲ. ಕುಸಿಯದ ನಗೆಯನ್ನು ಸಾಕ್ಷಿಯೆಂದು ಪರಿಗಣಿಸುವಂತಿಲ್ಲ. ಬಳಿಕ ನಗೆಯ ಹಿಂದೆ ಅಥವಾ ಮುಂದೆ ಅದರ ವಿವರಣೆ ಬಂದಿದೆಯೇ ಎಂದು ನೋಡಬೇಕು. ಆಮೇಲೂ ಸಂದೇಹ ಉಳಿದರೆ ಬರೆದವರಿಗೆ ಫೋನ್ ಮಾಡಿ ಆ ಒಂದು ಸಾಲಿನ ಬಗ್ಗೆಯೇ ಮಾತಾಡಬೇಕು. “ಅಜ್ಜಿ ಯಾಕ ಒಪ್ಪಲಿಲ್ರಿ?” ಎಂದು ಕೇಳಿದರೆ, ಸ್ವತಃ ಬರೆದವರು ಪತ್ರದಲ್ಲಿಲ್ಲದ ಇನ್ನೂ ಹತ್ತು ಸಂಗತಿಗಳನ್ನು ಹೇಳುತ್ತಾರೆ: ಹರಕೆ ಹೊತ್ತದ್ದು ಯಾವಾಗ, ಮಿನಿಬಸ್ಸಿನ ಬಾಡಿಗೆ ಎಷ್ಟು ಕೇಳಿದರು, ಹಿರಿಯ ಮೊಮ್ಮಗನ ಜವಳಕ್ಕೆ ಹೇಗೆ ಹೋಗಿದ್ದರು ಇತ್ಯಾದಿ. ಬರೆಸಿಕೊಂಡವರ ಮಾತು ಪತ್ರ ನಿಂತಲ್ಲಿಗೇ ನಿಲ್ಲುತ್ತದೆ. ನನ್ನ ತಿಳಿವಳಿಕೆಯಲ್ಲಿ ಈ ಫೋನ್ ಕರೆ ಯಾವ ತಂತ್ರಾಂಶಕ್ಕಿಂತಲೂ ನಂಬಲರ್ಹ, ಬರೆದವರಿಗೂ ಇದರಿಂದ ಅವಮಾನವಾಗುವುದಿಲ್ಲ.

ಆದರೆ ಈ ಗುರುತು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಊರಿನ ನಗೆ ಇದ್ದರೆ ಮನುಷ್ಯನ ಕೈ ಇದೆ ಎನ್ನಬಹುದು. ಇಲ್ಲದಿದ್ದರೆ ಯಂತ್ರ ಬರೆದಿದೆ ಎನ್ನಲಾಗದು. ಕಚೇರಿಯ ಟಿಪ್ಪಣಿ, ಪರೀಕ್ಷೆಯ ಉತ್ತರ, ಶ್ರದ್ಧಾಂಜಲಿ ಇವುಗಳಲ್ಲಿ ನಗೆಗೆ ಜಾಗವಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತ ವಿದ್ಯಾರ್ಥಿಗಳು ಸಾವಿರಾರು ಮಂದಿ ಇದ್ದಾರೆ. ಅವರು ತಪ್ಪಾದೀತೆಂಬ ಎಚ್ಚರದಿಂದ ಪಠ್ಯಪುಸ್ತಕದ ಸುರಕ್ಷಿತ ವಾಕ್ಯಗಳಲ್ಲಿ ಬರೆಯುತ್ತಾರೆ. ಅವರ ನಗೆ ಅವರ ಮನೆಮಾತಿನಲ್ಲಿ ಉಳಿದಿರುತ್ತದೆ. ಅಂಥವರ ಬರಹವನ್ನು ಯಂತ್ರದ್ದೆಂದು ಶಂಕಿಸುವುದು ಘೋರ ಅನ್ಯಾಯ. ಇದು ಊಹೆಯ ಭಯವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದ ಅಭ್ಯರ್ಥಿಗಳು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ತಂತ್ರಾಂಶಗಳಿಗೆ ಕೊಟ್ಟು ನೋಡಿದಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಹೆಸರಿಸಿದ್ದವು. ಎರಡನೆಯ ಭಾಷೆಯಲ್ಲಿ ಬರೆಯುವವರ ಪದಸಂಪತ್ತು ಸೀಮಿತ, ವಾಕ್ಯಗಳು ನಿರೀಕ್ಷಿತ. ತಂತ್ರಾಂಶ ಹುಡುಕುವುದೂ ಅದನ್ನೇ.

ಇರುವ ನಗೆಯೂ ಯಾವಾಗಲೂ ಒಂದೇ ತೂಕದ್ದಲ್ಲ. ರೈಲು ಯಾವಾಗ ಬರುತ್ತದೆ ಎಂಬ ಕುಹಕ ಈಗಾಗಲೇ ಹಲವೆಡೆ ಅಕ್ಷರಕ್ಕೆ ಇಳಿದಿದೆ, ಆದ್ದರಿಂದ ಯಂತ್ರವೂ ಅದನ್ನು ಎತ್ತಿಕೊಳ್ಳಬಲ್ಲದು. ಒಂದು ಓಣಿಗೆ, ಒಂದು ಹಾಸ್ಟೆಲಿಗೆ, ಬಾಗಲಕೋಟೆಯ ಹೋಳಿಯಲ್ಲಿ ಕಿಲ್ಲಾದವರ ಬಂಡಿಗೂ ಹೊಸಪೇಟೆಯವರ ಬಂಡಿಗೂ ನಡುವೆ ಆದ ಒಂದು ಘಟನೆಗೆ ಸೇರಿದ ನಗೆ ಹೆಚ್ಚು ಬಲವಾದ ಸಾಕ್ಷಿ. ಆದರೆ ಆ ಓಣಿಯವರಲ್ಲದ ಪರಿಶೀಲಕರಿಗೆ ಅದು ನಗೆಯೆಂದೇ ತಿಳಿಯದೆ ಹೋಗಬಹುದು. ಸಿಲ್ವಿಯು ಓಪ್ರಿಯಾ ಮತ್ತು ವಾಲಿದ್ ಮಗ್ದಿ ಎಂಬ ಸಂಶೋಧಕರು 2020ರಲ್ಲಿ ಟ್ವಿಟರ್ ಬರಹಗಳಲ್ಲಿನ ಕುಹಕವನ್ನು ಬರೆದವರಿಂದಲೇ ಗುರುತಿಸಿದರು, ಯಾಕೆಂದರೆ ಬರೆದವರ ಉದ್ದೇಶವೂ ಹೊರಗಿನವರ ಗ್ರಹಿಕೆಯೂ ಅನೇಕ ಸಲ ಹೊಂದಿಕೆಯಾಗುವುದಿಲ್ಲ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕುಳಿತವರು ಇಳಕಲ್ಲಿನ ಬರಹವನ್ನು ಪರಿಶೀಲಿಸುವಾಗ ಆ ಊರಿನವರೊಬ್ಬರಿಗೆ ಓದಿಸುವುದು ಅಗತ್ಯ. ಯಂತ್ರದ ಕರಡಿಗೆ ಮನುಷ್ಯರೇ ಒಂದು ಊರಿನ ಮಾತನ್ನು ಸೇರಿಸುವ ಸಾಧ್ಯತೆಯೂ ಇದೆ. ಆಗ ಆ ಸಾಲು ಮಾತ್ರ ಬೇರೆ ಬಟ್ಟೆಯ ತೇಪೆಯಂತೆ ಕಾಣುತ್ತದೆ: ಮುಂದಿನ ವಾಕ್ಯ ಅದನ್ನು ಕೇಳಿಸಿಕೊಂಡೇ ಇಲ್ಲವೆಂಬಂತೆ ಸಾಗುತ್ತದೆ. ಜವಳದ ಪತ್ರದಲ್ಲಾದರೋ ಎರಡು ಜಡೆ ಖಜ್ಜಿಡೋಣಿಯನ್ನು ತಂದಿತು, ಖಜ್ಜಿಡೋಣಿ ಅಜ್ಜಿಯನ್ನು ತಂದಿತು, ಅಜ್ಜಿ ಮುಹೂರ್ತವನ್ನು ತಂದಳು. ಹೊಸ ಮಾದರಿಗಳು ಬೇಕಾದ ಸಂಗತಿಗಳನ್ನೆಲ್ಲ ಮುಂದಿಟ್ಟು ಕೇಳಿದರೆ ಹಿಂದಿನವುಗಳಿಗಿಂತ ಚುರುಕಾದ ವ್ಯಂಗ್ಯವನ್ನು ಬರೆಯುತ್ತವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆದರೆ ಆ ಸಂಗತಿಗಳನ್ನು ಆರಿಸಿ ಜೋಡಿಸಿಕೊಟ್ಟದ್ದು ಅಲ್ಲಿಯೂ ಊರಿನ ಮನುಷ್ಯರೇ.

ಇದೆಲ್ಲದರ ನಡುವೆ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಈಗ ಅನೇಕರು ತಾವೇ ಬರೆದ ಪತ್ರವನ್ನು ಕಳಿಸುವ ಮೊದಲು, ತಪ್ಪು ತಿದ್ದಲೆಂದು ಯಂತ್ರಕ್ಕೆ ಒಪ್ಪಿಸುತ್ತಾರೆ. ಕಾಗುಣಿತ ಸರಿಯಾಗುತ್ತದೆ ನಿಜ, ಆದರೆ “ಖಜ್ಜಿಡೋಣಿವರೆಗಿನ ಕೂದಲನ್ನಾದರೂ” ಎಂಬಂಥ ಸಾಲು ಅದಕ್ಕೆ ತಪ್ಪಾಗಿ ಕಾಣುವ ಸಂಭವವೇ ಹೆಚ್ಚು, ಯಾಕೆಂದರೆ ಊರಿನ ಹೆಸರಿಗೂ ಕೂದಲಿಗೂ ಸಂಬಂಧವಿಲ್ಲ. ತಿದ್ದಿದ ಪ್ರತಿಯಲ್ಲಿ ಆ ಸಾಲು “ರೈಲು ಮಾರ್ಗ ಖಜ್ಜಿಡೋಣಿಯವರೆಗೆ ಮಾತ್ರ ಪೂರ್ಣಗೊಂಡಿರುವುದರಿಂದ ನಮ್ಮ ಕಾರ್ಯಕ್ರಮ ಮುಂದೂಡಲ್ಪಟ್ಟಿದೆ” ಎಂದಾಗಿರುತ್ತದೆ. ಬರೆದವರು ಇದು ತಮ್ಮ ಬರಹಕ್ಕಿಂತ ಒಳ್ಳೆಯ ಕನ್ನಡವಿರಬೇಕೆಂದು ನಂಬಿ ಅದನ್ನೇ ಕಳಿಸುತ್ತಾರೆ. ಪತ್ರಿಕೆಯವರು ಅದನ್ನು ಯಂತ್ರದ ಪತ್ರವೆಂದು ಬದಿಗಿಡುತ್ತಾರೆ. ಕೆಲವು ಕಡೆ ಈ ಕೆಲಸವನ್ನು ಸಂಪಾದಕರ ಕೆಂಪು ಶಾಯಿಯೂ ಹಿಂದಿನಿಂದ ಮಾಡುತ್ತ ಬಂದಿದೆ, ಹೊರಗಿನ ಓದುಗರಿಗೆ ತಿಳಿಯದೆಂಬ ಕಾರಣಕ್ಕೆ. ಆದ್ದರಿಂದ ಸಪ್ಪೆಯಾದ ಪತ್ರ ಬಂದಾಗ, ಅದರಲ್ಲಿ ಚಿಂಚಲಿಯಂಥ ಒಂದು ಹೆಸರೋ ಜವಳದಂಥ ಒಂದು ಸಂಗತಿಯೋ ಕಾರಣವಿಲ್ಲದೆ ಉಳಿದುಕೊಂಡಿದ್ದರೆ, ತಿರಸ್ಕರಿಸುವ ಮೊದಲು ಬರೆದವರಿಂದ ತಿದ್ದದ ಮೊದಲ ಪ್ರತಿಯನ್ನು, ಅದು ನೋಟ್‌ಬುಕ್ಕಿನ ಹಾಳೆಯ ಮೇಲೆ ಕೈಯಿಂದ ಬರೆದದ್ದಾದರೂ ಸರಿ, ತರಿಸಿಕೊಂಡು ನೋಡಬೇಕು.